ಮಡಚಿದ ಜಾಗದಲ್ಲೇ ವೈರ್ ಕತ್ತರಿಸಬೇಡಿ

ಪ್ರಶ್ನೆ: ಸಾರ್, ಇಯರ್‌ಫೋನ್ ಪಿನ್ನಿನಿಂದ ನಾಲ್ಕು ಬೆರಳು ಮೇಲೆ ವೈರ್ ಮಡಚಿ ಹಿಡಿದರೆ ಮಾತ್ರ ಎಡಗಿವಿಗೆ ಕೇಳಿಸುತ್ತೆ, ಬಿಟ್ಟರೆ ಹೋಗುತ್ತೆ. ಅಲ್ಲೇ ಕತ್ತರಿಸಿ ಜೋಡಿಸಿದರೆ ಸರಿಹೋಗುತ್ತಾ?

ಮೊದಲು ಕತ್ತರಿ ಕೆಳಗಿಡಿ. ಈ ಲೆಕ್ಕ ಹಾಕಿ ಚೆನ್ನಾಗಿದ್ದ ವೈರನ್ನು ಕತ್ತರಿಸಿಕೊಂಡು ಬರುವವರನ್ನು ನೋಡಿ ನನಗೆ ಸಾಕಾಗಿದೆ. ವೈರಿನೊಳಗಿನ ತಾಮ್ರದ ಎಳೆಗಳು ಹೊರಗಿನ ಹೊದಿಕೆಗೆ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ, ಒಳಗೊಳಗೇ ಸ್ವಲ್ಪ ಸರಿದಾಡುತ್ತವೆ. ನೀವು ಮೇಲೆ ಮಡಚಿದರೆ ಎಳೆ ಕೆಳಕ್ಕೆ ಸರಿದು, ಪಿನ್ನಿನ ಕುತ್ತಿಗೆಯಲ್ಲಿ ತುಂಡಾಗಿರುವ ಎರಡು ತುದಿಗಳು ತಾಗಬಹುದು. ಹಾಡು ಬರುತ್ತದೆ, ನೀವು ಮಡಚಿದ ಜಾಗವನ್ನು ದೂರುತ್ತೀರಿ.

ಮೊದಲು ವೈರನ್ನು ಮುಟ್ಟದೆ ಪಿನ್ನನ್ನಷ್ಟೇ ಹಿಡಿದು ಫೋನಿನಲ್ಲಿ ತಿರುಗಿಸಿ. ಸದ್ದು ಹೋಗಿ ಬಂದು ಮಾಡಿದರೆ ಫೋನಿನ ತೂತನ್ನೇ ಅನುಮಾನಿಸಿ. ಬೇರೆ ಇಯರ್‌ಫೋನ್ ಹಾಕಿದರೂ ಹಾಗೇ ಆದರೆ ಅನುಮಾನ ನಿಜ. ಈ ಪರೀಕ್ಷೆಗಳನ್ನೆಲ್ಲ ಫೋನನ್ನು ಚಾರ್ಜರಿನಿಂದ ಬಿಡಿಸಿಯೇ ಮಾಡಿ. ಅಗ್ಗದ ಚಾರ್ಜರುಗಳನ್ನು ನಾನು ನಂಬುವುದಿಲ್ಲ.

ಇನ್ನು ಹುಡುಕುವ ಕ್ರಮ. ಎಡವಟ್ಟಾಗುವುದು ಒಂದು ಕಡೆ ಅಲುಗಿಸಿದಾಗ ಇನ್ನೊಂದು ಕಡೆಯೂ ಎಳೆಯಲ್ಪಡುವುದರಿಂದ. ಹಾಗಾಗಿ ವೈರನ್ನು ಮೇಜಿನ ಮೇಲೆ ನೇರವಾಗಿ ಚಾಚಿ, ಅಲ್ಲಲ್ಲಿ ಟೇಪ್ ಹಾಕಿ ಕದಲದಂತೆ ಮಾಡಿ. ಹಾಡು ಹಾಕಿಟ್ಟು, ಪಿನ್ನಿನ ಕಡೆಯಿಂದ ಶುರುಮಾಡಿ, ಎರಡು ಹೆಬ್ಬೆರಳ ನಡುವೆ ಸುಮಾರು 2 ಸೆಂ.ಮೀ. ವೈರನ್ನು ಮಾತ್ರ ಹಿಡಿದು ಮೆಲ್ಲಗೆ ಒಳಕ್ಕೆ ಒತ್ತಿ, ಆಮೇಲೆ ಮೆಲ್ಲಗೆ ಎಳೆಯಿರಿ. ಒತ್ತಿದಾಗ ಸದ್ದು ಬಂದು, ಎಳೆದಾಗ ಹೋದರೆ ತುಂಡು ನಿಮ್ಮ ಎರಡು ಹೆಬ್ಬೆರಳ ನಡುವೆಯೇ ಇದೆ. ಏನೂ ಆಗದಿದ್ದರೆ ಮುಂದಕ್ಕೆ ಹೋಗಿ. ಹೆಚ್ಚಾಗಿ ಕಡಿಯುವುದು ಪಿನ್ನಿನ ಕುತ್ತಿಗೆಯಲ್ಲಿ, ವೈರ್ ಎರಡಾಗಿ ಕವಲೊಡೆಯುವಲ್ಲಿ, ಮೈಕಿನ ಡಬ್ಬಿಯ ಎರಡು ಬದಿಯಲ್ಲಿ, ಕಿವಿಯ ಬುಡದಲ್ಲಿ. ನಡು ವೈರಿನಲ್ಲಿ ಕಡಿಯುವುದು ಅಪರೂಪ. ಕುರ್ಚಿಯ ಚಕ್ರವೋ ಬಾಗಿಲೋ ಹಾದಿದ್ದರೆ ಬೇರೆ ಮಾತು.

ಕತ್ತರಿಸುವ ಮುಂಚೆ ಮಲ್ಟಿಮೀಟರ್ ಒಪ್ಪಬೇಕು. ನಿಮ್ಮಂಥದ್ದೇ ದೂರಿನ ಒಂದು ಇಯರ್‌ಫೋನ್ ನನ್ನ ಮೇಜಿಗೆ ಬಂದಿತ್ತು, ಮಡಚಿದ ಜಾಗಕ್ಕೆ ಆಗಲೇ ದಪ್ಪ ಟೇಪು ಸುತ್ತಿದ್ದರು. ಮೀಟರನ್ನು 200 ಓಮ್‌ಗೆ ಇಟ್ಟೆ. ಪಿನ್ನಿನ ತುದಿ ಎಡಗಿವಿಯದು, ಮುಂದಿನ ಪಟ್ಟಿ ಬಲಗಿವಿಯದು, ಮೂರನೆಯದು ಎರಡೂ ಕಿವಿಗೆ ಸೇರಿದ ಗ್ರೌಂಡ್. ಮೈಕ್ ಇದ್ದರೆ ಈಗಿನ ಫೋನುಗಳ ಇಯರ್‌ಫೋನಿನಲ್ಲಿ ನಾಲ್ಕನೆಯದು ಅದರದು. ಗ್ರೌಂಡಿಗೂ ಬಲಕ್ಕೂ 17 ಓಮ್ ನಿಂತಿತು. ಗ್ರೌಂಡಿಗೂ ಎಡಕ್ಕೂ OL, ಅಂದರೆ ದಾರಿ ಕಡಿದಿದೆ; ಕುತ್ತಿಗೆಯನ್ನು ಒಳಕ್ಕೆ ಒತ್ತಿದರೆ 17ಕ್ಕೆ ಬಂದು ಮತ್ತೆ OL. ಬಲಗಿವಿಗೆ ದಾರಿ ಸರಿ ಇದೆ ಎಂದ ಮೇಲೆ ಗ್ರೌಂಡ್ ವೈರೂ ಬಹುಮಟ್ಟಿಗೆ ಸರಿ. ಕೆಟ್ಟಿದ್ದು ಎಡದ ಎಳೆ. ಪಿನ್ನಿನಿಂದ 2 ಸೆಂ.ಮೀ. ಮೇಲೆ ಕತ್ತರಿಸಿ, ಕಿವಿಯ ಕಡೆ ಉಳಿದ ವೈರಿನ ಎಡದ ಎಳೆಗೂ ಗ್ರೌಂಡಿಗೂ ಅಳೆದೆ. ವೈರನ್ನು ಹೇಗೆ ಆಡಿಸಿದರೂ 17 ಕದಲಲಿಲ್ಲ. ಅಂದರೆ ತುಂಡು ಪಿನ್ನಿನ ಜೊತೆ ಹೋಯಿತು. ಟೇಪಿನ ಕೆಳಗಿನ ವೈರ್ ಹೊಸದರ ಹಾಗಿತ್ತು.

ಆ ಎಳೆ ಅಳೆಯುವ ಮುಂಚೆ ಒಂದು ಕೆಲಸವಿದೆ. ಎಳೆಗಳ ಮೇಲೆ ಬಣ್ಣದ ವಾರ್ನಿಷ್ ಇರುತ್ತದೆ, ಅದು ಕರೆಂಟು ಬಿಡುವುದಿಲ್ಲ. ಚೆನ್ನಾಗಿ ಕಾದ ಸೋಲ್ಡರಿಂಗ್ ಐರನ್ನಿನ ಮೊನೆಯಲ್ಲಿ ಬೆಸುಗೆ ಸೀಸದ ಒಂದು ಹನಿ ನಿಲ್ಲಿಸಿ, ಎಳೆಯ ತುದಿಯನ್ನು ಅದರೊಳಗೆ ಅದ್ದಿ ಬೆಳ್ಳಗಾಗುವ ತನಕ ಹಿಡಿಯಿರಿ. ಹೊಗೆ ಬರುತ್ತದೆ, ಕಿಟಕಿ ತೆಗೆದಿಡಿ. ವಾರ್ನಿಷ್ ಸುಡದೆ ಬರೀ ಹೊಸೆದು ಟೇಪ್ ಸುತ್ತಿದರೆ ಎರಡು ದಿನಕ್ಕೆ ಮತ್ತೆ ಅದೇ ರಾಗ. ಕೆಂಪು ಬಲ, ಹಸಿರು ಅಥವಾ ನೀಲಿ ಎಡ, ತಾಮ್ರದ ಬಣ್ಣ ಗ್ರೌಂಡ್ ಎಂಬುದು ರೂಢಿ ಅಷ್ಟೇ, ನಿಯಮವಲ್ಲ. ಅಳೆದು ನೋಡಿಯೇ ಹೊಸ ಪಿನ್ನಿಗೆ ಬೆಸೆಯಿರಿ. ತುಂಡು ಕಿವಿಯ ಬುಡದಲ್ಲೋ ಮೈಕಿನ ಡಬ್ಬಿಯಲ್ಲೋ ಇದ್ದು ಮಾಲು ಅಗ್ಗದ್ದಾಗಿದ್ದರೆ ನಾನಂತೂ ಕೈಹಾಕುವುದಿಲ್ಲ.

ಪ್ರಶ್ನೆ: ಮಡಚಿದ ಹಾಗೇ ಫೆವಿಕ್ವಿಕ್ ಹಾಕಿದರೆ?

ಅಂಟು ಗಟ್ಟಿಯಾಗಿ, ಅದರ ಅಂಚಿನಲ್ಲೇ ವೈರ್ ಮುರಿಯುತ್ತದೆ.

ಪ್ರಶ್ನೆ: ಲೈಟರಿನಿಂದ ಬಿಸಿ ಮಾಡಿದರೆ ಒಳಗಿನ ತಾಮ್ರ ಕರಗಿ ಕೂಡಿಕೊಳ್ಳುತ್ತದಂತೆ?

ತಾಮ್ರ ಕರಗಲು 1085 ಡಿಗ್ರಿ ಬೇಕು. ಅಷ್ಟು ಹೊತ್ತಿಗೆ ವೈರೂ ಇರುವುದಿಲ್ಲ, ಹೀಗೆ ಹೇಳಿದವರ ಮರ್ಯಾದೆಯೂ ಇರುವುದಿಲ್ಲ.

ಪ್ರಶ್ನೆ: ಎರಡೂ ಕಡೆ ವಾದ್ಯ ಕೇಳಿಸುತ್ತೆ, ಹಾಡುವವರ ದನಿ ಮಾತ್ರ ಇಲ್ಲ. ಹಾಡೇ ಕೆಟ್ಟಿದೆಯಾ?

ಇಲ್ಲ, ಬೇರೆ ಹಾಡಿನಲ್ಲೂ ಹಾಗೇ ಆದರೆ ಗ್ರೌಂಡ್ ವೈರ್ ಕಡಿದಿದೆ. ಎರಡೂ ಕಡೆ ಸಮನಾಗಿರುವ ದನಿ ಆಗ ರದ್ದಾಗಿ, ವ್ಯತ್ಯಾಸವಷ್ಟೇ ಉಳಿಯುತ್ತದೆ. ಹುಡುಕುವ ಕ್ರಮ ಮೇಲಿನದೇ.

ಪ್ರಶ್ನೆ: ಟೈಪ್-ಸಿ ಇಯರ್‌ಫೋನಿಗೂ ಹೀಗೇ ಮೀಟರ್ ಇಡಬಹುದಾ?

ಬೇಡ. ಅಂಥ ಬಹಳಷ್ಟು ಪಿನ್ನುಗಳೊಳಗೆ ಚಿಪ್ ಇರುತ್ತದೆ, ಅಲ್ಲಿ ಈ ಓಮ್ ಲೆಕ್ಕ ನಡೆಯುವುದಿಲ್ಲ. ಬೆರಳಿನ ಪರೀಕ್ಷೆಯಷ್ಟೇ ಮಾಡಿ.