ಮೂರೂ ಬಿಪಿ ಮಾತ್ರೆಗಳೇ, ಆದರೆ ಕೆಲಸ ಮಾಡುವ ಜಾಗ ಬೇರೆ

ಪ್ರಶ್ನೆ: ಅಮ್ಲೋಡಿಪಿನ್, ರಾಮಿಪ್ರಿಲ್, ಮೆಟೊಪ್ರೊಲಾಲ್ ಮೂರೂ ಬಿಪಿ ಇಳಿಸುತ್ತವೆ ಎಂದಾದರೆ ವೈದ್ಯರು ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಮತ್ತೊಂದು ಕೊಡುವುದೇಕೆ?

ಔಷಧಶಾಸ್ತ್ರದ ತರಗತಿಯಲ್ಲಿ ನಾನು ಇದನ್ನು ಕಾಲುಬಾವಿನಿಂದಲೇ ಆರಂಭಿಸುತ್ತೇನೆ. 55 ವರ್ಷದ ಮಧುಮೇಹಿಯೊಬ್ಬರು ದಿನಕ್ಕೆ 10 ಮಿ.ಗ್ರಾಂ. ಅಮ್ಲೋಡಿಪಿನ್ ಸೇವಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಬಿಪಿ 148/92 ಇದೆ, ಸಂಜೆಯ ಹೊತ್ತಿಗೆ ಪಾದದ ಗಂಟುಗಳು ಊದಿಕೊಳ್ಳುತ್ತವೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ.

ಅಮ್ಲೋಡಿಪಿನ್ ರಕ್ತನಾಳದ ಸ್ನಾಯುಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆಯುವುದರಿಂದ ಸಣ್ಣ ಅಪಧಮನಿಗಳು ಹಿಗ್ಗುತ್ತವೆ. ಆದರೆ ರಕ್ತವನ್ನು ಹೊರಗೊಯ್ಯುವ ಅಭಿಧಮನಿಗಳು ಅಷ್ಟಾಗಿ ಹಿಗ್ಗದ ಕಾರಣ, ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ ನೀರು ಅಂಗಾಂಶಕ್ಕೆ ಸೋರುತ್ತದೆ. ಇದು ದೇಹದಲ್ಲಿ ಉಪ್ಪು-ನೀರು ಹೆಚ್ಚಾಗಿ ಬಂದ ಬಾವಲ್ಲ. ಹಾಗಾಗಿ ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಇದು ಹೆಚ್ಚೇನೂ ಇಳಿಯುವುದಿಲ್ಲ. (ಆದರೂ ಆ ಮಾತ್ರೆಯನ್ನು ಸೇರಿಸಿದ ಚೀಟಿಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ.)

ರಾಮಿಪ್ರಿಲ್‌ನಂತಹ ಎಸಿಇ ಇನ್ಹಿಬಿಟರ್‌ಗಳು ಎಸಿಇ ಎಂಬ ಕಿಣ್ವವನ್ನು ತಡೆದು, ರಕ್ತನಾಳಗಳನ್ನು ಬಿಗಿಗೊಳಿಸುವ ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನು ತಯಾರಾಗುವುದನ್ನೇ ಕಡಿಮೆ ಮಾಡಿ, ಹೊರದಾರಿಯಾದ ಅಭಿಧಮನಿಗಳನ್ನೂ ಸಡಿಲಿಸುತ್ತವೆ. ಮೂತ್ರಪಿಂಡದ ಸೋಸುವ ಗುಚ್ಛದಲ್ಲಿಯೂ ರಕ್ತ ಹೊರಹೋಗುವ ನಾಳ ಹಿಗ್ಗುವುದರಿಂದ ಒಳಗಿನ ಒತ್ತಡ ತಗ್ಗಿ, ಪ್ರೋಟೀನ್ ಸೋರಿಕೆ ಕಡಿಮೆಯಾಗುತ್ತದೆ. ಆದ್ದರಿಂದ ಈ ರೋಗಿಗೆ ಅಮ್ಲೋಡಿಪಿನ್ ಅನ್ನು 5ಕ್ಕೆ ಇಳಿಸಿ ರಾಮಿಪ್ರಿಲ್ ಸೇರಿಸಿದರೆ ಬಿಪಿ, ಬಾವು, ಪ್ರೋಟೀನ್ ಮೂರೂ ಸುಧಾರಿಸುವ ಸಾಧ್ಯತೆಯಿದೆ. ಆದರೆ ಒಂದೆರಡು ವಾರಗಳಲ್ಲಿ, ಮೂತ್ರಪಿಂಡ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಲೇಬೇಕು. ಸೋಸುವ ಒತ್ತಡ ಇಳಿದಿರುವುದರಿಂದ ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಮೂತ್ರಪಿಂಡದ ಅಪಧಮನಿ ಕಿರಿದಾಗಿದೆಯೇ ಎಂದು ಅನುಮಾನಿಸಬೇಕು. ಕೆಲವರಿಗೆ ಎಸಿಇ ಒಡೆಯಬೇಕಿದ್ದ ಬ್ರಾಡಿಕೈನಿನ್ ಎಂಬ ವಸ್ತು ಉಳಿದುಕೊಂಡು ಒಣಕೆಮ್ಮು ಕಾಡುತ್ತದೆ, ಅಂಥವರಿಗೆ ಟೆಲ್ಮಿಸಾರ್ಟನ್ ವರ್ಗಕ್ಕೆ ಬದಲಿಸುತ್ತಾರೆ. ಗರ್ಭಿಣಿಯರಿಗೆ ಎರಡೂ ವರ್ಗಗಳು ನಿಷಿದ್ಧ.

ಬೀಟಾ ಬ್ಲಾಕರ್ ವರ್ಗದ ಮೆಟೊಪ್ರೊಲಾಲ್ ಮುಖ್ಯವಾಗಿ ಕೆಲಸ ಮಾಡುವುದು ಹೃದಯದ ಮೇಲೆ. ಅಡ್ರಿನಲಿನ್‌ನ ಪ್ರಚೋದನೆಯನ್ನು ತಡೆದು ಬಡಿತದ ವೇಗ ಮತ್ತು ಬಲವನ್ನು ತಗ್ಗಿಸುತ್ತದೆ. ಆಂಜಿಯೋಟೆನ್ಸಿನ್ ತಯಾರಿಕೆಗೆ ಚಾಲನೆ ಕೊಡುವ ರೆನಿನ್ ಮೂತ್ರಪಿಂಡದಿಂದ ಬಿಡುಗಡೆಯಾಗುವುದನ್ನೂ ಕಡಿಮೆ ಮಾಡುತ್ತದೆ. ಬೇರೆ ಕಾಯಿಲೆಯಿಲ್ಲದ ಬಿಪಿಗೆ ಇದನ್ನು ಮೊದಲ ಆಯ್ಕೆಯಾಗಿ ಬಳಸುವುದು ನನ್ನ ಮಟ್ಟಿಗೆ ಸರಿಯಲ್ಲ, ಏಕೆಂದರೆ ಪಾರ್ಶ್ವವಾಯು ತಡೆಯುವುದರಲ್ಲಿ ಈ ವರ್ಗ ಉಳಿದೆರಡಕ್ಕಿಂತ ಹಿಂದಿದೆ. ಆದರೆ ಅದೇ ರೋಗಿಗೆ ನಾಳೆ ಹೃದಯಾಘಾತವಾಗಿ ಹೃದಯದ ಪಂಪಿಂಗ್ ಕುಗ್ಗಿದರೆ, ಬೀಟಾ ಬ್ಲಾಕರ್ ಆಯುಷ್ಯವನ್ನೇ ಹೆಚ್ಚಿಸುವ ಔಷಧವಾಗುತ್ತದೆ. ಆಗ ಅದನ್ನು ಥಟ್ಟನೆ ನಿಲ್ಲಿಸಬಾರದು, ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು. ಅಮ್ಲೋಡಿಪಿನ್ ಜೊತೆ ಅದನ್ನು ಕೊಡಬಹುದಾದರೂ, ಕ್ಯಾಲ್ಸಿಯಂ ತಡೆಯುವ ಅದೇ ವರ್ಗದ ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಜೊತೆ ಕೊಟ್ಟರೆ ಅವೂ ಹೃದಯವನ್ನು ನಿಧಾನಗೊಳಿಸುವುದರಿಂದ ಬಡಿತ ಅಪಾಯಕಾರಿಯಾಗಿ ಇಳಿಯಬಹುದು.