ಕಳೆದರೆ 10, ಪುಸ್ತಕದಲ್ಲಿ 7.14 ಏಕೆ?

"ನಾಮಮಾತ್ರ ಬಡ್ಡಿ ಶೇ. 50, ನಿರೀಕ್ಷಿತ ಹಣದುಬ್ಬರ ಶೇ. 40. ನೈಜ ಬಡ್ಡಿ 10 ಅಲ್ಲವೇ? ಉತ್ತರ 7.14 ಎಂದಿದೆ."

ಪುಸ್ತಕದ ಉತ್ತರವೇ ಸರಿ. ನಾಮಮಾತ್ರ ಬಡ್ಡಿ i, ನೈಜ ಬಡ್ಡಿ r, ನಿರೀಕ್ಷಿತ ಹಣದುಬ್ಬರ πᵉ ಎಂದಿಟ್ಟುಕೊಂಡರೆ, ಇವುಗಳ ಸಂಬಂಧ ಹೇಳುವ ಫಿಶರ್ ಸಮೀಕರಣದ ಪೂರ್ಣ ರೂಪ (1 + i) = (1 + r)(1 + πᵉ); ನೀವು ಬಳಸಿದ r = i − πᵉ ಅದರ ಅಂದಾಜು ಮಾತ್ರ.

ಇಂದು 100 ರೂಪಾಯಿಗೆ ನಾಲ್ಕು ಕಿಲೋ ಬೇಳೆ ಸಿಗುತ್ತದೆ ಎಂದುಕೊಳ್ಳಿ. ವರ್ಷದ ಕೊನೆಗೆ ನಿಮ್ಮ ಠೇವಣಿ 150 ರೂಪಾಯಿ ಆಗುತ್ತದೆ, ಅಷ್ಟೇ ಬೇಳೆಯ ಬೆಲೆ 140 ರೂಪಾಯಿಗೆ ಏರಿರುತ್ತದೆ. ಉಳಿಯುವ 10 ರೂಪಾಯಿ ವರ್ಷಾಂತ್ಯದ, ಬೆಲೆ ಕಳೆದುಕೊಂಡ ರೂಪಾಯಿಯಾದ್ದರಿಂದ ಅದನ್ನು 1.40ರಿಂದ ಭಾಗಿಸಿದಾಗಷ್ಟೇ ಇಂದಿನ ಲೆಕ್ಕಕ್ಕೆ ಬರುತ್ತದೆ: 7.14. ಅಂದರೆ ನೀವು ಕಳೆಯುವವರೆಗೆ ಸರಿಯಾಗಿಯೇ ಬಂದು, ಈ ಕೊನೆಯ ಭಾಗಾಕಾರವನ್ನು ಬಿಟ್ಟಿದ್ದೀರಿ.

ಬಡ್ಡಿ 7, ಹಣದುಬ್ಬರ 5 ಇದ್ದಾಗ 2ನ್ನು 1.05ರಿಂದ ಭಾಗಿಸಿದರೆ 1.90 ಬರುವುದರಿಂದ ಅಂದಾಜು ಸಾಕಾಗುತ್ತದೆ. ಹಣದುಬ್ಬರ ಎರಡಂಕಿ ದಾಟಿದರೆ ಪೂರ್ಣ ರೂಪವನ್ನೇ ಬಳಸುವುದು ಕ್ಷೇಮ.

ಮುಂದಿನ ಪ್ರಶ್ನೆಯಲ್ಲಿ ಹಣದುಬ್ಬರ ವಾಸ್ತವದಲ್ಲಿ 45 ಆಯಿತು ಎಂದಿದ್ದರೆ, ಕೈಗೆ ಬಂದ ನೈಜ ಬಡ್ಡಿ 150/145ರ ಪ್ರಕಾರ ಶೇ. 3.45 ಆಗುತ್ತದೆ, ಆದರೆ ಠೇವಣಿ ಇಡುವಾಗ ನಿರೀಕ್ಷಿಸಿದ್ದ 7.14 ಬದಲಾಗುವುದಿಲ್ಲ.