ಮಾಳಗಿ ಮ್ಯಾಲಿನ ತೊಟ್ಟಿಗೆ ಎರಿ ಮಣ್ಣು?

"ಹುಬ್ಬಳ್ಳಿಯಾಗ ನಮ್ಮ ಮಾಳಗಿ ಮ್ಯಾಲೆ 4 ಫೂಟು ಉದ್ದ, 2 ಫೂಟು ಅಗಲ, ಒಂದೂವರಿ ಫೂಟು ಆಳದ ತೊಟ್ಟಿಗೆ ಎರಿ ಮಣ್ಣು ತುಂಬಬೇಕಂತೀವಿ. ಸ್ಲ್ಯಾಬ್ ತಡೀತದೇನ್ರಿ?"

ಎರಿ ಮಣ್ಣು ಬ್ಯಾಡ್ರಿ. ತೊಟ್ಟಿಗೆ 340 ಲೀಟರ್ ಹಿಡೀತದ. ನೀರು ಕುಡದಮ್ಯಾಲೆ ಸುಮಾರು 600 ಕೆಜಿ, ಅಂದ್ರ ಚದರ ಮೀಟರಿಗೆ 800. ಓಡಾಡೋ ಮಾಳಗಿಗೆ ಸಾಮಾನ್ಯವಾಗಿ ಹಿಡಿಯೋ ಹೊರೆ 150 ಅಷ್ಟ. ಆಳ 8 ಇಂಚಿಗೆ ಇಳಿಸಿ ಕೊಕೊಪೀಟ್, ಗೊಬ್ಬರ ಹೆಚ್ಚಿಗಿ ಹಾಕಿದ್ರೂ 200 ದಾಟತದ. ಅದಕ್ಕ ಎಂಜಿನಿಯರಿಗೆ ತೋರಿಸಿ, ಬೀಮಿನ ಮ್ಯಾಲೇ ಇಡ್ರಿ. ಸಜ್ಜಾದ ಮ್ಯಾಲಂತೂ ಬ್ಯಾಡ.

ತೊಟ್ಟಿ ನೆಲಕ್ಕ ಹತ್ತಬಾರದು. ಇಟ್ಟಂಗಿ ಸಾಲಿನ ಮ್ಯಾಲೆ ಕೂಡಸ್ರಿ, ಸಾಲು ಇಳಿಜಾರಿನ ದಿಕ್ಕಿಗೇ ಇರಲಿ. ಅಡ್ಡ ಇಟ್ಟರ ನೀರು ಅಲ್ಲೇ ನಿಂತು, ಕೆಳಗ ಛತ್ತಿನಾಗ ಬಿಳಿ ಉಪ್ಪು ಒಡೀತದ. ಬರೇ ಸಿಮೆಂಟ್ ಕೋಟಿಂಗ್ ಬೇರು ತಡಿಯೂದಿಲ್ಲ. ಅದರ ಮ್ಯಾಲೆ ರೂಟ್ ಬ್ಯಾರಿಯರ್ ಹಾಳಿ ಬೇಕು.